ಐದು ಸಲವೂ ನಿಲ್ಲದ ಹಸು ಆರನೆಯದಕ್ಕೆ ಗಬ್ಬ ಕಟ್ಟಿದ್ದು

ಮೂರನೇ ಸೂಲಿನ ಮಿಶ್ರತಳಿ ಹಸು. ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಬೆದೆಗೆ ಬರುತ್ತಿತ್ತು, ಸೋರು ಗಾಜಿನಂತೆ ತಿಳಿ, ಕೈ ಹಾಕಿ ನೋಡಿದರೆ ಗರ್ಭಕೋಶದಲ್ಲೂ ಕೊರತೆಯಿಲ್ಲ. ಆದರೂ ಐದು ಸಲ ಸೆಮೆನ್ ಹಾಕಿದ್ದು ವ್ಯರ್ಥವಾಯಿತು. ಇನ್ನು ಮಾರುವುದೇ ಸರಿ ಎಂದವರೇ ಹೆಚ್ಚು. ಐದು ಸೆಮೆನ್ ಕಡ್ಡಿಯ ಖರ್ಚು ದೊಡ್ಡದಲ್ಲ. ಮೊದಲ ಕಡ್ಡಿಯಿಂದ ಐದನೆಯದರವರೆಗೆ ಕಳೆದ ಎಂಬತ್ನಾಲ್ಕು ದಿನಗಳ ಮೇವು, ಹಿಂಡಿ ಮತ್ತು ಮುಂದಕ್ಕೆ ಹೋದ ಕರು, ನಿಜವಾದ ನಷ್ಟ ಅಲ್ಲಿದೆ.

ಇಂಥ ಹಸುವಿನಲ್ಲಿ ನಾನು ಮೊದಲು ನೋಡುವುದು ಎಷ್ಟು ದಿನಕ್ಕೆ ಮತ್ತೆ ಬೆದೆಗೆ ತಿರುಗಿತು ಎಂಬುದನ್ನು. 18ರಿಂದ 24 ದಿನದೊಳಗೆ ತಿರುಗಿದರೆ ಅಂಡಾಣು ಫಲಿಸಿಲ್ಲ, ಇಲ್ಲವೇ ಫಲಿಸಿದ ಪಿಂಡ ಮೊದಲ ಎರಡು ವಾರದಲ್ಲೇ ಸತ್ತಿದೆ. ಮೂವತ್ತು, ಮೂವತ್ತೈದು ದಿನಕ್ಕೆ ತಿರುಗಿದರೆ ಒಂದೋ ಪಿಂಡ ಸ್ವಲ್ಪ ಕಾಲ ಉಳಿದು ಆಮೇಲೆ ಹೋಗಿದೆ, ಇಲ್ಲವೇ ನಾವು ಹಾಕಿದ ದಿನ ನಿಜವಾದ ಬೆದೆಯೇ ಇರಲಿಲ್ಲ. ಅದರ ದಾರಿಯೇ ಬೇರೆ. ಈ ಹಸು ಮೊದಲ ಗುಂಪಿನದು.

ಎರಡನೆಯದು ಸೋರು. ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಸಣ್ಣ ಸೋಂಕಿರಬಹುದು. ಬೆದೆಯ ದಿನದ ಸೋರು ಒಂದು ಎಂ.ಎಲ್. ತೆಗೆದು, ಅಷ್ಟೇ ಪ್ರಮಾಣದ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿ, ಕುದಿಯುವವರೆಗೆ ಕಾಯಿಸಿ ಆರಲು ಬಿಡಬೇಕು. ಕೊಳವೆಯ ಬಾಯಿ ಮುಖದ ಕಡೆ ಇರಬಾರದು, ಸಿಡಿಯುತ್ತದೆ. ಹಳದಿ ಬಣ್ಣ ಬಂದರೆ ಸೋಂಕು, ಹಳದಿ ಗಾಢವಾದಷ್ಟೂ ಸೋಂಕು ಹೆಚ್ಚು. ಅಂಥದ್ದಕ್ಕೆ ಆ ಬೆದೆಯಲ್ಲಿ ಸೆಮೆನ್ ಹಾಕದೆ ಚಿಕಿತ್ಸೆ ಕೊಡಿಸಬೇಕು. ಸೋರು ಚೆನ್ನಾಗಿದ್ದ ಹಸುಗಳಿಗೂ ಗರ್ಭಕೋಶಕ್ಕೆ ಔಷಧಿ ಬಿಟ್ಟು ನೋಡಿದ್ದುಂಟು. ಔಷಧಿ ಖರ್ಚಾಯಿತು, ಹಾಲು ಬೇರೆ ಚೆಲ್ಲಬೇಕಾಯಿತು, ಗಬ್ಬ ಮಾತ್ರ ನಿಲ್ಲಲಿಲ್ಲ.

ಈ ಹಸುವಿನ ಸೋರಿಗೆ ಬಣ್ಣ ಬರಲಿಲ್ಲ. ಹಾಗಾಗಿ ಉಳಿದದ್ದು ಹೊತ್ತಿನ ಲೆಕ್ಕ. ಐದನೇ ಬೆದೆಯಲ್ಲಿ ಸೆಮೆನ್ ಹಾಕಿ ಸುಮ್ಮನಾಗದೆ, ನಾಲ್ಕು ಗಂಟೆಗೊಮ್ಮೆ ನೋಡಿ ಬರೆದಿಡಲಾಯಿತು. ಬೆಳಿಗ್ಗೆ ಆರಕ್ಕೆ ಬೇರೆ ಹಸು ಹತ್ತಿದಾಗ ನಿಂತುಕೊಟ್ಟಿತು. ವಾಡಿಕೆಯಂತೆ ಸಂಜೆ ಆರಕ್ಕೆ ಕಡ್ಡಿ ಹಾಕಿದ್ದಾಯಿತು. ಸಾಮಾನ್ಯ ಹಸುವಾದರೆ ಬೆದೆ ಶುರುವಾದ ಮೂವತ್ತು ಗಂಟೆಯ ಆಸುಪಾಸಿನಲ್ಲಿ, ಅಂದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ, ಅಂಡಾಣು ಹೊರಬಂದಿರಬೇಕು. ಇದರಲ್ಲಿ ಮರುದಿನ ಸಂಜೆ ಆರಕ್ಕೂ ಸೋರು ಉದ್ದಕ್ಕೆ ಜೋತಾಡುತ್ತಿತ್ತು, ಕೈ ಹಾಕಿದರೆ ಅಂಡಾಶಯದ ಗುಳ್ಳೆ ಒಡೆಯದೆ ಹಾಗೆಯೇ ಇತ್ತು. ಬೆದೆ ಮುಗಿದ ಮೇಲಿನ ರಕ್ತ ಕಂಡದ್ದು ನಾಲ್ಕನೇ ದಿನ.

ಆ ರಕ್ತ ಕಂಡೊಡನೆ ಗಬ್ಬ ನಿಲ್ಲಲಿಲ್ಲ ಎಂದು ಕೈಚೆಲ್ಲುವವರಿದ್ದಾರೆ. ಗಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ, ಬೆದೆ ಯಾವಾಗ ಮುಗಿಯಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸೆಮೆನ್ ಹಾಕಿದ ಮರುದಿನವೇ ರಕ್ತ ಕಂಡರೆ ತಡವಾಗಿ ಹಾಕಿದ್ದೇವೆ. ಮೂರು ದಿನ ಬಿಟ್ಟು ಕಂಡರೆ ಬೇಗ ಹಾಕಿದ್ದೇವೆ, ಅಥವಾ ಅಂಡಾಣು ತಡವಾಗಿ ಬಿಟ್ಟಿದೆ. ಫ್ರೀಜ್ ಮಾಡಿದ ವೀರ್ಯ ಒಳಗೆ ಒಂದು ದಿನಕ್ಕಿಂತ ಹೆಚ್ಚು ತಾಳುವುದು ಕಷ್ಟ. ಈ ಹಸುವಿನಲ್ಲಿ ಅಂಡಾಣು ಬರುವಷ್ಟರಲ್ಲಿ ವೀರ್ಯ ಸತ್ತಿರುತ್ತಿತ್ತು.

ಆರನೇ ಬೆದೆಯಲ್ಲಿ ಬೆಳಿಗ್ಗೆ ನಿಂತುಕೊಟ್ಟ ಹಸುವಿಗೆ ಸಂಜೆ ಮೊದಲ ಕಡ್ಡಿ, ಅದರ ಜೊತೆಗೇ ವೈದ್ಯರಿಂದ ಬುಸೆರೆಲಿನ್ 10 ಮೈಕ್ರೋಗ್ರಾಂ ಸ್ನಾಯುವಿಗೆ. ಗುಳ್ಳೆ ಒಡೆಯಲು ಬೇಕಾದ ಹಾರ್ಮೋನನ್ನು ಇದು ಹಸುವಿನ ದೇಹದಿಂದಲೇ ಬಿಡಿಸುತ್ತದೆ. ಇಪ್ಪತ್ನಾಲ್ಕು ಗಂಟೆಯ ನಂತರ ಮತ್ತೆ ಕೈ ಹಾಕಿ ನೋಡಿ ಎರಡನೇ ಕಡ್ಡಿ. ಗುಳ್ಳೆ ಆಗಲೇ ಒಡೆದು ಹೊತ್ತಾಗಿದ್ದರೆ ಎರಡನೆಯದು ದಂಡ, ಉಳಿಸಿಕೊಳ್ಳಬಹುದು. ಎರಡು ಸಲಕ್ಕೂ ಯಾವ ಹೋರಿಯ ಕಡ್ಡಿ ಆರಿಸಿದೆ ಎಂಬುದು ನನ್ನಲ್ಲೇ ಇರಲಿ.

ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ ಮೂವತ್ತು ಸೆಕೆಂಡ್ ಇಟ್ಟು, ಒರೆಸಿ, ಗರ್ಭಕೋಶದ ಕಂಠ ದಾಟಿದೊಡನೆ ನಿಧಾನವಾಗಿ ಬಿಡುವುದು ಎಲ್ಲರಿಗೂ ಗೊತ್ತು. ಆದರೆ ಪದೇ ಪದೇ ತಿರುಗಿದ ಹಸುವಿನಲ್ಲಿ ಗನ್ ಒಳಕ್ಕೆ ತೂರಿಸುವ ಮುನ್ನ ಗಬ್ಬವಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಗಬ್ಬದ ಹಸುವೂ ಒಮ್ಮೊಮ್ಮೆ ಬೆದೆ ತೋರಿಸುತ್ತದೆ. ಸೋರು ಅಂಟಂಟಾಗಿ ಗಟ್ಟಿಯಿದ್ದು ಅನುಮಾನ ಬಂದರೆ ಕಂಠದ ಅರ್ಧದಲ್ಲೇ ಬಿಟ್ಟು ಹೊರಬರಬೇಕು. ದಾಟಿದರೆ ಒಳಗಿರುವ ಪಿಂಡವನ್ನು ನಾವೇ ಕಳೆದಂತೆ.

ಇಪ್ಪತ್ತೊಂದನೇ ದಿನ ಹಸು ತಿರುಗಲಿಲ್ಲ, ನಲವತ್ತೆರಡಕ್ಕೂ ಇಲ್ಲ. ಸುಮಾರು ಅರವತ್ತೈದನೇ ದಿನ ಕೈಗೆ ಗಬ್ಬ ಸಿಕ್ಕಿತು. ಮಾರಿಬಿಡಿ ಎಂದವರೇ ಬಂದು ಕೈ ಹಾಕಿ ನೋಡಿಕೊಂಡು ಹೋದರು.