ಮರಿಯ ಗೊರಸು ನೋಡಿ ಅಟ್ಟಣಿಗೆ ಕಟ್ಟಿ: ಕಡಿಮೆ ಖರ್ಚಿನ ಮೇಕೆ ಶೆಡ್

ಎಳೆಯ ಮೇಕೆ ಮರಿಗಳನ್ನು ಹೆಚ್ಚಾಗಿ ಕಾಡುವುದು ಭೇದಿ ಮತ್ತು ನ್ಯುಮೋನಿಯಾ. ಎರಡಕ್ಕೂ ಒದ್ದೆ ನೆಲ ದಾರಿ ಮಾಡಿಕೊಡುತ್ತದೆ. ಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿಯ ಮೊಟ್ಟೆಗಳು ಹಿಕ್ಕೆಯ ಜೊತೆ ಹೊರಗೆ ಬೀಳುತ್ತವೆ. ಬಿದ್ದ ಕೂಡಲೇ ಅವುಗಳಿಂದ ತೊಂದರೆ ಇಲ್ಲ. ತೇವ ಇರುವ, ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಉಳಿದರೆ ಬಲಿತು, ಮರಿಯ ಬಾಯಿಗೆ ಹೋದಾಗ ರೋಗ ತರುತ್ತವೆ. ಸಂದು ಬಿಟ್ಟು ಪಟ್ಟಿ ಹೊಡೆದ ಅಟ್ಟಣಿಗೆಯಲ್ಲಿ ಹಿಕ್ಕೆ ಅಷ್ಟು ದಿನ ಮರಿಯ ಕಾಲಡಿ ಉಳಿಯುವುದಿಲ್ಲ. ಗಂಜಲವೂ ಕೆಳಗಿಳಿದು ಹೋಗುತ್ತದೆ.

ಆದರೆ ಅಟ್ಟಣಿಗೆ ಕಟ್ಟುವವರು ಅಳತೆ ತೆಗೆಯುವುದು ದೊಡ್ಡ ಮೇಕೆಗೆ. ಸಂದಿನಲ್ಲಿ ಕಾಲು ಸಿಕ್ಕಿಸಿಕೊಳ್ಳುವುದು ಮರಿ. ಹಾಗಾಗಿ ಮೊದಲು ಮರಿಯ ಜಾಗವನ್ನು ಯೋಚಿಸೋಣ.

ಎಷ್ಟು ಜಾಗ ಬೇಕು?

ಹತ್ತು ತಾಯಿ ಮೇಕೆ, ಹದಿನೈದು ಮರಿಗಳ ಶೆಡ್ ಅಂದುಕೊಳ್ಳಿ. ತಾಯಿಗೆ ತಲಾ 12 ಚದರ ಅಡಿ, ಮರಿಗೆ ತಲಾ 4 ಚದರ ಅಡಿ. ಒಟ್ಟು 180 ಆಯಿತು. ಈದ ಮೇಕೆಯನ್ನು ಮರಿಯ ಜೊತೆ ಬೇರೆ ಬಿಡಲು ಇನ್ನೊಂದು 20 ಸೇರಿಸಿ. 20 ಅಡಿ ಉದ್ದ, 10 ಅಡಿ ಅಗಲ ಸಾಕು. ಹೋತವನ್ನು ಇದರಲ್ಲಿ ಕೂಡಬೇಡಿ. ಅದಕ್ಕೆ ಬೇರೆಯೇ ಜಾಗ ಬೇಕು.

ನೀರು ನಿಲ್ಲದ ಎತ್ತರದ ಜಾಗ ಆರಿಸಿ. ಬಿಸಿಲು ಜಾಸ್ತಿ ಇರುವ ಕಡೆ ಶೆಡ್ಡಿನ ಉದ್ದ ಪೂರ್ವ ಪಶ್ಚಿಮವಾಗಿರಲಿ. ಆಗ ನಡುಹಗಲಿನ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ.

ಕಂಬದಿಂದ ನೆಲದವರೆಗೆ

ಕಂಬ ನೆಡುವ ಮುಂಚೆಯೇ ಕೆಳಗಿನ ಮಣ್ಣನ್ನು ಸುತ್ತಲಿಗಿಂತ ಅರ್ಧ ಅಡಿ ಎತ್ತರಿಸಿ, ಗಟ್ಟಿಯಾಗಿ ಬಡಿಯಿರಿ. ಉದ್ದಕ್ಕೂ ನಡುಭಾಗ ಎರಡೂ ಅಂಚಿಗಿಂತ 3 ಇಂಚು ಎತ್ತರ ಇರಲಿ. ಗಂಜಲ ಎರಡೂ ಕಡೆ ಹರಿದು ಸಣ್ಣ ಕಾಲುವೆಗೆ, ಅಲ್ಲಿಂದ ಗುಂಡಿಗೆ ಸೇರಬೇಕು. ಈ ಇಳಿಜಾರು ಬಿಟ್ಟರೆ ಅಟ್ಟಣಿಗೆಯ ಕೆಳಗೇ ಕೆಸರು ನಿಂತು ವಾಸನೆ ಮೇಲೇಳುತ್ತದೆ.

ಉದ್ದಕ್ಕೆ ಮೂರು ಸಾಲು ಕಂಬ, ಸಾಲಿಗೆ ಐದು. ಎಲ್ಲ ಕಡೆ 5 ಅಡಿ ಅಂತರ. ಒಟ್ಟು 15 ಕಂಬ. ಪ್ರತಿ ಸಾಲಿನ ಮೇಲೆ ಉದ್ದಕ್ಕೆ ಒಂದು ತೊಲೆ. ತೊಲೆ ಜೋಡಿಸುವುದಿದ್ದರೆ ಜೋಡಣೆ ಕಂಬದ ತಲೆಯ ಮೇಲೇ ಬರಲಿ. ತೊಲೆಗಳ ಮೇಲೆ ಅಡ್ಡಲಾಗಿ 20 ಇಂಚಿಗೊಂದರಂತೆ 13 ಅಡ್ಡಪಟ್ಟಿ ಹಾಕಿ. ಅಂತರ ಇದಕ್ಕಿಂತ ಜಾಸ್ತಿ ಆದರೆ ಮೇಲಿನ ಪಟ್ಟಿಗಳು ಬಾಗುತ್ತವೆ. ಬಾಗಿದಾಗ ಸಂದು ಅಗಲವಾಗುತ್ತದೆ.

ನೆಲ ಎಷ್ಟು ಎತ್ತರ ಇರಬೇಕು? ನಾನು ಹೇಳುವುದು 3.5ರಿಂದ 4 ಅಡಿ. ಕಂಬದ ಖರ್ಚು ಉಳಿಸಲು ಎರಡು ಅಡಿಗೆ ನಿಲ್ಲಿಸಿದರೆ ಸಲಿಕೆ ಒಳಗೆ ಹೋಗುವುದಿಲ್ಲ. ಸಲಿಕೆ ಹೋಗದಿದ್ದರೆ ಕ್ಲೀನ್ ಮಾಡುವುದೂ ನಿಂತುಹೋಗುತ್ತದೆ. ಕೆಳಗಿನ ಸುತ್ತಳತೆಗೆ ಗೋಡೆ ಕಟ್ಟಬೇಡಿ. ನಾಯಿ ನುಗ್ಗದ ಹಾಗೆ ಜಾಲರಿ ಸಾಕು, ಗಾಳಿ ಆಡಬೇಕು.

ಸಂದು: ಇಲ್ಲಿ ಅವಸರ ಬೇಡ

ಮೇಲಿನ ಪಟ್ಟಿ 2 ಇಂಚು ಅಗಲ, ಕನಿಷ್ಠ 1 ಇಂಚು ದಪ್ಪ ಇರಲಿ. ದೊಡ್ಡ ಮೇಕೆಗಳ ಕಡೆ ಸಂದು 1.5 ಸೆಂಟಿಮೀಟರ್. ಮರಿಗಳ ಕಡೆ 1.2 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಸಂದು ತೀರಾ ಕಿರಿದಾದರೆ ಹಿಕ್ಕೆ ಸಿಕ್ಕಿಕೊಂಡು ನೆಲ ಮುಚ್ಚಿಹೋಗುತ್ತದೆ. ಅಗಲವಾದರೆ ಮರಿಯ ಗೊರಸು ಇಳಿಯುತ್ತದೆ. ಮರಿ ಹೆದರಿ ಕಾಲು ಎಳೆದಾಗ ಮೂಳೆ ಮುರಿಯುವುದೂ ಉಂಟು.

ಕಣ್ಣಂದಾಜಿನಲ್ಲಿ ಹೊಡೆಯಬೇಡಿ. ಸರಿಯಾಗಿ 1.2 ಸೆಂಟಿಮೀಟರ್ ದಪ್ಪದ ಎರಡು ಮರದ ತುಂಡು ಮಾಡಿಟ್ಟುಕೊಳ್ಳಿ. ಪಟ್ಟಿಯ ಎರಡೂ ತುದಿಯಲ್ಲಿ ಒಂದೊಂದು ಇಟ್ಟು, ಮುಂದಿನ ಪಟ್ಟಿಯನ್ನು ಒತ್ತಿ ಹಿಡಿದು ಮೊಳೆ ಹೊಡೆಯಿರಿ. ದೊಡ್ಡವುಗಳ ಕಡೆಗೆ 1.5ರ ಬೇರೆ ಜೋಡಿ ತುಂಡು ಬೇಕು.

ಇನ್ನೊಂದು ಸಂಗತಿ ಕಟ್ಟುವಾಗ ಕಾಣುವುದೇ ಇಲ್ಲ. ಹಸಿ ಮರ ಒಣಗಿದಾಗ ಕುಗ್ಗುತ್ತದೆ. 2 ಇಂಚಿನ ಹಸಿ ಪಟ್ಟಿ ಒಣಗುವಾಗ 3 ಮಿಲಿಮೀಟರಿನಷ್ಟು ಸಣ್ಣದಾಗಬಹುದು. ಇವತ್ತು 1.2 ಇದ್ದ ಸಂದು ಕೆಲವು ತಿಂಗಳಲ್ಲಿ 1.5 ಆಗಿರುತ್ತದೆ. ಆದ್ದರಿಂದ ಪಟ್ಟಿ ಸೀಳಿಸಿ, ನೆರಳಲ್ಲಿ ಗಾಳಿಗೆ ಚೆನ್ನಾಗಿ ಒಣಗಿಸಿ ಆಮೇಲೆ ಹೊಡೆಯಿರಿ.

ಕಡಿಮೆ ಖರ್ಚಿಗೆ ಬಿದಿರು ಅಥವಾ ಅಡಿಕೆ ದಬ್ಬೆ ಬಳಸಬಹುದು. ಬಿದಿರಿನ ಗಿಣ್ಣುಗಳನ್ನು ಕೆತ್ತಿ ಸಮ ಮಾಡಿ. ಗಿಣ್ಣು ಬಂದ ಕಡೆ ಸಂದು ಕಿರಿದಾಗಿ ಹಿಕ್ಕೆ ಕಟ್ಟಿಕೊಳ್ಳುವುದು ಅಲ್ಲಿಂದಲೇ ಶುರು. ಅಂಚುಗಳನ್ನು ಕತ್ತಿಯಲ್ಲಿ ಹೆರೆದು, ಬರಿಗೈಯಿಂದ ಸವರಿ ನೋಡಿ. ಕೈಗೆ ಸಿಬಿರು ಚುಚ್ಚಿದರೆ ತಾಯಿಯ ಕೆಚ್ಚಲಿಗೂ, ಮರಿಯ ಮೊಣಕಾಲಿಗೂ ಚುಚ್ಚುತ್ತದೆ ಅಲ್ವಾ?

ಇಡೀ ನೆಲವನ್ನು ಒಂದೇ ಆಗಿ ಹೊಡೆಯದೆ, ಇಬ್ಬರು ಎತ್ತುವಷ್ಟು ದೊಡ್ಡ ಚೌಕಟ್ಟುಗಳಾಗಿ ಮಾಡಿ ಅಡ್ಡಪಟ್ಟಿಗಳ ಮೇಲೆ ಕೂರಿಸಿ. ಒಂದು ಕಡೆ ಹಾಳಾದರೆ ಅದೊಂದನ್ನೇ ಎತ್ತಿ ರಿಪೇರಿ ಮಾಡಬಹುದು.

ಮರಿಗಳ ಮೂಲೆ

ಮಳೆಗಾಳಿ ಬೀಸದ ಕಡೆಯ 6 ಅಡಿ ಉದ್ದವನ್ನು ಮರಿಗಳಿಗೆ ಬಿಡಿ. ತಡಿಕೆಯಲ್ಲಿ 6 ಇಂಚು ಅಗಲದ ಒಂದು ಕಿಂಡಿ ಇಟ್ಟರೆ ಮರಿಗಳು ನುಸುಳಿ ಬರುತ್ತವೆ, ತಾಯಂದಿರು ಬರಲಾಗುವುದಿಲ್ಲ. ತಡಿಕೆಯ ಉಳಿದ ಸಂದುಗಳು 2 ಇಂಚಿಗಿಂತ ಕಡಿಮೆ ಇರಲಿ. ಇಲ್ಲದಿದ್ದರೆ ತಲೆ ತೂರಿಸಿ ಸಿಕ್ಕಿಬೀಳುತ್ತವೆ.

ಸಂದಿನ ನೆಲಕ್ಕೆ ಒಂದು ಮಿತಿಯೂ ಇದೆ. ಕೆಳಗಿನಿಂದ ಬರುವ ತಣ್ಣನೆ ಗಾಳಿ ಆಗಷ್ಟೇ ಹುಟ್ಟಿದ ಮರಿಗೆ ತಡೆಯುವುದಿಲ್ಲ. ಮೊದಲ ಎರಡು ವಾರ ಮೂಲೆಯಲ್ಲಿ ಸಂದಿಲ್ಲದ ಹಲಗೆ ಹಾಕಿ, ಮೇಲೆ ಒಣಹುಲ್ಲು ಹರಡಿ. ಹುಲ್ಲನ್ನು ದಿನಾ ಬದಲಿಸಬೇಕು. ನಿನ್ನೆಯ ಹುಲ್ಲು ಇವತ್ತು ಮತ್ತೆ ಒದ್ದೆ ನೆಲವೇ. ಆ ಭಾಗದ ಗೋಡೆಯನ್ನು ಕೆಳಗಿನಿಂದ 2 ಅಡಿ ಮುಚ್ಚಿ, ಮೇಲೆ ತೆರೆದಿಡಿ.

ನೀರಿನ ಬಕೆಟ್, ಮೇವಿನ ಗೊಂತು ಎರಡೂ ಶೆಡ್ಡಿನ ಹೊರಗಡೆ ತೂಗಿರಲಿ. ಮೇಕೆ ತಲೆ ಮಾತ್ರ ಹೊರಗೆ ಹಾಕಿ ತಿನ್ನಬೇಕು. ಮರಿಗಳ ಕಡೆ ಇದನ್ನು ತಗ್ಗಿಸಿ ಕಟ್ಟಿ. ಮರಿ ಗೊಂತಿನೊಳಗೆ ಹತ್ತಿ ಹಿಕ್ಕೆ ಹಾಕಿದರೆ ರೋಗದ ಮೊಟ್ಟೆ ಮೇವಿನ ಜೊತೆಗೇ ಬಾಯಿಗೆ ಹೋಗುತ್ತದೆ. ಆಗ ನೆಲ ಎಷ್ಟು ಒಣಗಿದ್ದರೂ ಉಪಯೋಗವಿಲ್ಲ.

ಮಾಡಿಗೆ ಹುಲ್ಲು, ಗರಿ, ಶೀಟು ಯಾವುದಾದರೂ ಆದೀತು. ಆದರೆ ಸೂರು ಎಲ್ಲ ಕಡೆ 3 ಅಡಿ ಮುಂದೆ ಬರಲಿ, ಇಲ್ಲದಿದ್ದರೆ ಎರಚಲು ಒಳಗೆ ಬರುತ್ತದೆ. ಹತ್ತುವ ಏಣಿಹಲಗೆಗೆ ಅರ್ಧ ಅಡಿಗೊಂದು ಅಡ್ಡಪಟ್ಟಿ ಹೊಡೆಯಿರಿ.

ಸರಿ ಇದೆಯೋ ಇಲ್ಲವೋ ನೋಡುವುದು ಹೇಗೆ?

ಬೆಳಿಗ್ಗೆ ಮರಿಗಳನ್ನು ಬಿಡುವ ಮುಂಚೆ ಒಳಗೆ ಹೋಗಿ ಮಂಡಿಯೂರಿ. ಮರಿಯ ಮೂಗಿನ ಎತ್ತರದಲ್ಲಿ ಕಣ್ಣು ಉರಿದರೆ ಕೆಳಗೆ ಗಂಜಲ ನಿಂತಿದೆ ಅಂತ ಅರ್ಥ. ಮರಿಗಳ ಮೊಣಕಾಲಿನ ಕೂದಲು ಒದ್ದೆಯಾಗಿದ್ದರೆ ಸಂದು ಕಟ್ಟಿಕೊಂಡಿದೆ. ಎಲ್ಲ ಮರಿಗಳೂ ಒಂದರ ಮೇಲೊಂದು ಬಿದ್ದು ಮಲಗಿದ್ದರೆ ಚಳಿಗಾಳಿ ಬರುತ್ತಿದೆ, ಹಲಗೆ ದೊಡ್ಡದು ಮಾಡಿ. ಬಾಲದ ಸುತ್ತ ಭೇದಿ ಅಂಟಿದ ಮರಿ ಕಂಡರೆ ಅದನ್ನು ಬೇರೆ ಮಾಡಿ, ಹಿಕ್ಕೆಯ ಮಾದರಿ ಜೊತೆ ಪಶುವೈದ್ಯರಿಗೆ ತೋರಿಸಿ.

ಕೆಳಗಿನ ಗೊಬ್ಬರವನ್ನು ವಾರಕ್ಕೊಮ್ಮೆ ಎಳೆದು ಹಾಕಿ. ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ, ಆ 1.2ರ ಮರದ ತುಂಡನ್ನು ಮರಿಗಳ ಕಡೆಯ ಸಂದುಗಳಲ್ಲಿ ಇಳಿಸಿ ನೋಡಿ. ತುಂಡು ಸಡಿಲವಾಗಿ ಅಲುಗಾಡುವ ಚೌಕಟ್ಟನ್ನು ದೊಡ್ಡ ಮೇಕೆಗಳ ಕಡೆಗೆ ಹಾಕಿ, ಮರಿಗಳಿಗೆ ಹೊಸದು ಮಾಡಿಸಿ.