ನೆಟ್ ಹೋದ ದಿನ ಮಾಲೀಕರು ಏನು ಬರೆಯಬೇಕು?

ಉಡುಪಿ, ಬ್ರಹ್ಮಾವರ ನಡುವೆ ನಿಮ್ಮದೊಂದು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿ ಇದೆ ಅಂದುಕೊಳ್ಳಿ. ಬೆಳಿಗ್ಗೆ 7.40ಕ್ಕೆ ಹೆದ್ದಾರಿ 66ರ ಬದಿಯಲ್ಲಿ ಜೆಸಿಬಿ ಅಗೆದು ಫೈಬರ್ ತುಂಡಾಯಿತು. ಬ್ರಹ್ಮಾವರ ಕಡೆಯ 1,800 ಮನೆಗಳಿಗೆ ನೆಟ್ ಇಲ್ಲ. ಬದಲಿ ಲೈನ್ ಇತ್ತು, ನಿಜ. ಆದರೆ ಕಲ್ಯಾಣಪುರ ಸೇತುವೆ ಹತ್ತಿರ ಎರಡೂ ಒಂದೇ ಪೈಪಿನಲ್ಲಿದ್ದವು!

ಮೊದಲ ಸಂದೇಶ ಅರ್ಧ ಗಂಟೆಯೊಳಗೆ ಹೋಗಲಿ, ಎಸ್ಸೆಮ್ಮೆಸ್‌ನಲ್ಲಿ. ಕಾರಣ ಪೂರ್ತಿ ಗೊತ್ತಾಗಲಿ ಎಂದು ಕಾಯಬೇಡಿ. ಎಲ್ಲಿ ಇಲ್ಲ, ಎಷ್ಟು ಹೊತ್ತಿನಿಂದ ಇಲ್ಲ, ಮುಂದಿನ ಸುದ್ದಿ ಎಷ್ಟು ಗಂಟೆಗೆ, ಇಷ್ಟು ಸಾಕು. ಜೊತೆಗೆ ಒಂದು ಸಾಲು ಸೇರಿಸಿ: ‘ಬಾಕ್ಸ್‌ನಲ್ಲಿ ಎಲ್‌ಒಎಸ್ ದೀಪ ಕೆಂಪಾಗಿಲ್ಲದಿದ್ದರೆ ನಿಮ್ಮ ಮನೆಯ ಲೈನ್ ಸರಿ ಇದೆ. ದಯವಿಟ್ಟು ರೀಸೆಟ್ ಒತ್ತಬೇಡಿ.’ ತುಂಡಾಗಿರುವುದು ನಿಮ್ಮ ಮುಖ್ಯ ಲೈನ್, ಮನೆಗೆ ಹೋಗುವ ತಂತಿ ಅಲ್ಲ. ಇದನ್ನು ಹೇಳದಿದ್ದರೆ ಜನ ಸುಮ್ನೆ ಕೂರುವುದಿಲ್ಲ. ಪಿನ್ ಹಾಕಿ ರೀಸೆಟ್ ಮಾಡುತ್ತಾರೆ, ಸೆಟ್ಟಿಂಗ್ ಅಳಿಸಿಹೋಗುತ್ತದೆ. ಸಂಜೆ ಫೈಬರ್ ಸರಿಯಾದ ಮೇಲೂ ಅವರ ಮನೆಗೆ ಹುಡುಗರನ್ನು ಕಳಿಸಬೇಕಾಗುತ್ತದೆ.

ಎರಡನೆಯದು ಸಮಯ. ‘ಇನ್ನೊಂದು ಗಂಟೆಯಲ್ಲಿ ಸರಿಯಾಗುತ್ತದೆ’ ಅಂತ ಬರೆಯುವ ಆಸೆ ಜಾಸ್ತಿ, ಅಲ್ವಾ? ತಡೆಯಿರಿ. ಓಟಿಡಿಆರ್ ಯಂತ್ರ ಬೆಳಕು ಬಿಟ್ಟು, ಅದು ತಿರುಗಿ ಬರುವ ಹೊತ್ತು ನೋಡಿ ತುಂಡಾದ ಜಾಗದ ದೂರ ಹೇಳುತ್ತದೆ. ಆದರೆ ಅದು ಹೇಳುವುದು ಫೈಬರಿನ ಉದ್ದ, ರಸ್ತೆಯ ಅಳತೆ ಅಲ್ಲ. ಗುಂಡಿಗಳಲ್ಲಿ ಸುತ್ತಿಟ್ಟ ಕೇಬಲ್ಲೂ ಅದರಲ್ಲಿ ಸೇರಿರುತ್ತದೆ. ಮಳೆ ನೀರು ತುಂಬಿದ ಹೊಂಡದಲ್ಲಿ ತುದಿ ಕೈಗೆ ಸಿಕ್ಕಿ, ಜೋಡಿಸುವ ಕೆಲಸ ಶುರುವಾದ ಮೇಲೆ ಮಾತ್ರ ಗಂಟೆ ಹೇಳಿ. ಅಲ್ಲಿಯವರೆಗೆ 10 ಗಂಟೆಗೆ ಅಂದರೆ 10 ಗಂಟೆಗೆ ಬರೆಯಿರಿ. ಹೊಸದೇನೂ ಇಲ್ಲದಿದ್ದರೆ ‘ಇನ್ನೂ ಹುಡುಕುತ್ತಿದ್ದೇವೆ’ ಎಂದೇ ಬರೆಯಿರಿ.

ಕ್ಷಮೆಯ ಪತ್ರ ಲೈನ್ ಸರಿಯಾದ ಮೇಲೆ, ಅದೇ ದಿನ, ನಿಮ್ಮ ಹೆಸರಿನಲ್ಲಿ ಹೋಗಲಿ. ಹೆಚ್ಚಿನವರು ಎಡವುವುದು ಇಲ್ಲೇ. ‘ಅನಿವಾರ್ಯ ಕಾರಣಗಳಿಂದ ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ’ ಎಂಬುದು ಬಸ್‌ಸ್ಟ್ಯಾಂಡ್ ಬೋರ್ಡಿನ ಭಾಷೆ. ಜೆಸಿಬಿಯವನನ್ನು ಬೈದೂ ಪ್ರಯೋಜನವಿಲ್ಲ. ಹೀಗೆ ಬರೆಯಬಹುದು:

‘ಬೆಳಿಗ್ಗೆ 7.40ರಿಂದ ಮಧ್ಯಾಹ್ನ 3.15ರವರೆಗೆ ನಿಮಗೆ ನೆಟ್ ಇರಲಿಲ್ಲ. ಕೇಬಲ್ ತುಂಡಾಗಿದ್ದು ರಸ್ತೆ ಕೆಲಸದಲ್ಲಿ. ಆದರೆ ಬದಲಿ ಲೈನನ್ನೂ ಅದೇ ಪೈಪಿನಲ್ಲಿ ಹಾಕಿದ್ದು ನಮ್ಮ ತಪ್ಪು. ಖರ್ಚು ಉಳಿಸಲು ಹಾಗೆ ಮಾಡಿದ್ದೆವು. ಕ್ಷಮಿಸಿ.’

‘ಖರ್ಚು ಉಳಿಸಲು’ ಎಂಬಲ್ಲಿ ನಿಮ್ಮ ಪೆನ್ನು ನಿಲ್ಲುತ್ತದೆ. ಹೊಡೆದು ಹಾಕಬೇಡಿ. ‘ಎರಡು ಲೈನ್ ಇದೆ ಅಂದಿದ್ರಲ್ಲ, ಮತ್ತೆ ಹೇಗೆ ಹೋಯ್ತು?’ ಎಂದು ಗಿರಾಕಿ ಕೇಳಿಯೇ ಕೇಳುತ್ತಾನೆ. ಉತ್ತರ ಅದೇ ತಾನೇ?

ಕೊನೆಗೆ ಹಣ ಮತ್ತು ಮುಂದಿನ ಕೆಲಸ. ತಿಂಗಳಿಗೆ 600 ರೂಪಾಯಿ ಪ್ಲಾನ್ ಆದರೆ ದಿನಕ್ಕೆ 20 ರೂಪಾಯಿ. ಅರ್ಧ ದಿನದ ಲೆಕ್ಕ ಹಾಕುತ್ತಾ ಕೂರಬೇಡಿ, ಪೂರ್ತಿ ದಿನದ್ದು ಬಿಲ್ಲಿನಲ್ಲಿ ಕಳೆಯಿರಿ, ಕೇಳದವರಿಗೂ. ಮುಂದಿನ ಕೆಲಸಕ್ಕೆ ಜಾಗ ಮತ್ತು ತಾರೀಖು ಬೇಕು: ‘ಬದಲಿ ಲೈನನ್ನು ಮಣಿಪಾಲ, ಪೆರ್ಡೂರು ಕಡೆಯಿಂದ ಸುತ್ತಿ ತರುತ್ತೇವೆ. ನವೆಂಬರ್ 30ಕ್ಕೆ ಮುಗಿಸುತ್ತೇವೆ.’ ಆ ತಾರೀಖನ್ನು ಆಫೀಸಿನ ಕ್ಯಾಲೆಂಡರಿನಲ್ಲೂ ಗುರುತು ಹಾಕಿ. ಕೆಲಸ ಮುಗಿದಿರಲಿ, ಬಿಡಲಿ, ಅವತ್ತು ಇನ್ನೊಂದು ಎಸ್ಸೆಮ್ಮೆಸ್ ಹೋಗಬೇಕು.