23 ಜನರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ: ಲೆಕ್ಕ ಹಾಕುವುದು ಹೇಗೆ?

ಒಂದು ಕೋಣೆಯಲ್ಲಿ 23 ಜನ ಇದ್ದಾರೆ. ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಎಷ್ಟು? ವರ್ಷಕ್ಕೆ 365 ದಿನ, ಜನ ಬರೀ 23. ಸುಮ್ನೆ 23ನ್ನು 365ರಿಂದ ಭಾಗಿಸಿ ಶೇ 6 ಇರಬೇಕು ಅಂದುಕೊಳ್ಳುವುದು ಸಹಜ. ಸರಿಯಾದ ಉತ್ತರ ಶೇ 50.7. ಅಂದರೆ ಹೊಂದಾಣಿಕೆ ಸಿಗುವ ಸಾಧ್ಯತೆ ಸಿಗದಿರುವುದಕ್ಕಿಂತ ಸ್ವಲ್ಪ ಜಾಸ್ತಿಯೇ. ಒಂದು ಸಾಮಾನ್ಯ ಕ್ಯಾಲ್ಕುಲೇಟರ್ ಇದ್ದರೆ ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಮೊದಲು ಎರಡು ಷರತ್ತು ಹಾಕಿಕೊಳ್ಳೋಣ. ಫೆಬ್ರುವರಿ 29ನ್ನು ಬಿಟ್ಟುಬಿಡೋಣ. ಉಳಿದ 365 ದಿನಗಳಲ್ಲಿ ಯಾವ ದಿನ ಬೇಕಾದರೂ ಒಬ್ಬರು ಹುಟ್ಟಿರಬಹುದು, ಎಲ್ಲ ದಿನಕ್ಕೂ ಸಮಾನ ಅವಕಾಶ ಎಂದುಕೊಳ್ಳೋಣ. ಹುಟ್ಟಿದ ವರ್ಷ ಇಲ್ಲಿ ಲೆಕ್ಕಕ್ಕಿಲ್ಲ, ತಾರೀಕು ಮತ್ತು ತಿಂಗಳು ಮಾತ್ರ.

ನೇರವಾಗಿ ಹೋದರೆ ಏಕೆ ಸಿಕ್ಕಿಬೀಳುತ್ತೇವೆ?

ಮೂರೇ ಜನರನ್ನು ತೆಗೆದುಕೊಳ್ಳಿ. ಅವರಿಗೆ ಕ, ಚ, ಟ ಎಂದು ಹೆಸರಿಡೋಣ. ಹುಟ್ಟುಹಬ್ಬ ಹೊಂದಬೇಕಾದರೆ ಏನೇನು ಆಗಬಹುದು? ಕ ಮತ್ತು ಚ ಮಾತ್ರ ಹೊಂದಬಹುದು. ಚ ಮತ್ತು ಟ ಮಾತ್ರ ಹೊಂದಬಹುದು. ಕ ಮತ್ತು ಟ ಮಾತ್ರ ಹೊಂದಬಹುದು. ಇಲ್ಲವೇ ಮೂವರದೂ ಒಂದೇ ದಿನ ಇರಬಹುದು. ಒಟ್ಟು ನಾಲ್ಕು ಬಗೆ. ಇಷ್ಟಾದರೆ ಪರವಾಗಿಲ್ಲ.

ನಾಲ್ಕು ಜನರಾದರೆ ಬಗೆಗಳು 14 ಆಗುತ್ತವೆ. ಒಂದೇ ಜೋಡಿ ಹೊಂದುವುದು 6 ಬಗೆ, ಮೂವರು ಹೊಂದುವುದು 4 ಬಗೆ, ಎರಡು ಬೇರೆ ಬೇರೆ ಜೋಡಿಗಳು ಹೊಂದುವುದು 3 ಬಗೆ, ನಾಲ್ವರೂ ಹೊಂದುವುದು 1 ಬಗೆ. ಐವರಿಗೆ 51. ಹತ್ತು ಜನರಿಗೆ ಬಂದರೆ 1,15,974! ಇದನ್ನೆಲ್ಲ ಒಂದೊಂದಾಗಿ ಎಣಿಸಿ ಕೂಡಿಸುವುದು ಆಗದ ಮಾತು.

ಈಗ ಎದುರು ಬದಿಯಿಂದ ನೋಡಿ. ‘ಯಾರ ಹುಟ್ಟುಹಬ್ಬವೂ ಯಾರದಕ್ಕೂ ಹೊಂದುವುದಿಲ್ಲ’ ಎಂಬುದಕ್ಕೆ ಎಷ್ಟು ಬಗೆ? ಒಂದೇ ಒಂದು: ಎಲ್ಲರದೂ ಬೇರೆ ಬೇರೆ ದಿನ. ಇದನ್ನು ಪೂರಕ ಘಟನೆ ಎನ್ನುತ್ತಾರೆ. ಒಂದೋ ಹೊಂದಾಣಿಕೆ ಇರುತ್ತದೆ, ಇಲ್ಲವೇ ಇರುವುದಿಲ್ಲ, ಮೂರನೆಯ ದಾರಿ ಇಲ್ಲ. ಹಾಗಾಗಿ ಎರಡರ ಸಾಧ್ಯತೆ ಕೂಡಿದರೆ 1 ಬರಲೇಬೇಕು. ಸುಲಭವಾದದ್ದನ್ನು ಲೆಕ್ಕ ಹಾಕಿ 1ರಿಂದ ಕಳೆದರೆ ಕಷ್ಟದ್ದರ ಉತ್ತರ ಕೈಗೆ ಬರುತ್ತದೆ.

ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ

ಕೋಣೆ ಖಾಲಿ ಇದೆ ಎಂದುಕೊಳ್ಳಿ. ಮೊದಲನೆಯವರು ಬರುತ್ತಾರೆ. ಅವರ ಹುಟ್ಟುಹಬ್ಬ ಯಾವ ದಿನವಾದರೂ ಇರಲಿ, ಹೊಂದಲು ಬೇರೆ ಯಾರೂ ಇಲ್ಲ. ಆದರೆ ಒಂದು ದಿನ ಭರ್ತಿಯಾಯಿತು.

ಎರಡನೆಯವರಿಗೆ 364 ದಿನ ಖಾಲಿ ಉಳಿದಿವೆ. ಅವರ ದಿನ ಬೇರೆಯಾಗಿರುವ ಸಾಧ್ಯತೆ 364/365. ದಶಮಾಂಶದಲ್ಲಿ 0.9973.

ಮೂರನೆಯವರು ಬರುವಾಗ ಎರಡು ದಿನ ಭರ್ತಿ. ಅವರಿಗೆ ಉಳಿದದ್ದು 363 ದಿನ, ಸಾಧ್ಯತೆ 363/365. ಮೂವರದೂ ಬೇರೆಯಾಗಬೇಕಾದರೆ ಮೊದಲ ಇಬ್ಬರದು ಬೇರೆಯಾಗಿರಬೇಕು, ಆಮೇಲೆ ಮೂರನೆಯವರದೂ ಬೇರೆಯಾಗಬೇಕು. ಎರಡೂ ಒಟ್ಟಿಗೆ ಆಗಬೇಕಾದ್ದರಿಂದ ಗುಣಿಸುತ್ತೇವೆ, ಕೂಡಿಸುವುದಿಲ್ಲ. 0.9973ನ್ನು 363/365ರಿಂದ ಗುಣಿಸಿದರೆ 0.9918 ಸಿಗುತ್ತದೆ.

ಹೀಗೇ ಮುಂದುವರಿಸಿ. ಕ್ಯಾಲ್ಕುಲೇಟರ್‌ನಲ್ಲಿ ಉತ್ತರವನ್ನು ಅಳಿಸದೆ ಮುಂದಿನ ಸಂಖ್ಯೆಯಿಂದ ಗುಣಿಸಿ, 365ರಿಂದ ಭಾಗಿಸಿ, ಮತ್ತೆ ಅದನ್ನೇ ಮಾಡಿ. ಮೇಲಿನ ಸಂಖ್ಯೆ ಪ್ರತಿ ಸಲ ಒಂದೊಂದು ಕಡಿಮೆಯಾಗುತ್ತದೆ. 23ನೆಯವರಿಗೆ ಅದು 343, ಏಕೆಂದರೆ ಅವರಿಗಿಂತ ಮೊದಲು 22 ದಿನ ಭರ್ತಿಯಾಗಿರುತ್ತವೆ. ಇಲ್ಲಿ 342 ಎಂದು ಬರೆದು ತಪ್ಪುವವರು ಬಹಳ. 23 ಜನರಿಗೆ ಗುಣಿಸಬೇಕಾದ ಭಿನ್ನರಾಶಿಗಳು 22 ಮಾತ್ರ ಎಂಬುದನ್ನು ನೆನಪಿಡಿ.

```
(364 × 363 × 362 × … × 343) ÷ 365²² ≈ 0.4927
1 − 0.4927 = 0.5073
```

ನಡುವೆ ಸರಿ ಇದೆಯೇ ಎಂದು ನೋಡಿಕೊಳ್ಳಲು: ಐದು ಜನರ ಹೊತ್ತಿಗೆ 0.9729, ಹತ್ತಕ್ಕೆ 0.8831, ಇಪ್ಪತ್ತಕ್ಕೆ 0.5886 ಬರಬೇಕು. 22 ಜನರಿದ್ದಾಗ ಇನ್ನೂ 0.5243 ಇರುತ್ತದೆ. 23ನೆಯವರು ಕಾಲಿಟ್ಟ ಮೇಲೆಯೇ ಅದು ಅರ್ಧಕ್ಕಿಂತ ಕೆಳಗೆ ಇಳಿಯುವುದು.

ಈ ವಿಧಾನ ಸರಿ ಎಂದು ಒಪ್ಪಿಕೊಳ್ಳಲು ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ. ಗುಣಿಸುತ್ತಾ 366ನೆಯವರವರೆಗೆ ಹೋಗಿ. ಅವರ ಭಿನ್ನರಾಶಿ 0/365. ಇಡೀ ಗುಣಲಬ್ಧ ಸೊನ್ನೆಯಾಯಿತು, ಹೊಂದಾಣಿಕೆ ಶೇ 100 ಖಚಿತವಾಯಿತು. ಹಾಗೇ ಆಗಬೇಕು ಅಲ್ವಾ? 365 ದಿನಗಳಲ್ಲಿ 366 ಜನರನ್ನು ಬೇರೆ ಬೇರೆಯಾಗಿ ಕೂರಿಸಲು ಸಾಧ್ಯವೇ ಇಲ್ಲ.

ಉತ್ತರ ಇಷ್ಟು ದೊಡ್ಡದು ಏಕೆ?

ನಾವು ಎಣಿಸಬೇಕಾದ್ದು ಜನರನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ ಪ್ರತಿಯೊಬ್ಬರಿಗೂ ಉಳಿದ 22 ಜನರೊಡನೆ ಜೋಡಿ ಇದೆ. 23ನ್ನು 22ರಿಂದ ಗುಣಿಸಿ, ಒಂದೇ ಜೋಡಿ ಎರಡು ಸಲ ಬಂದಿರುವುದರಿಂದ ಅರ್ಧ ಮಾಡಿದರೆ 253 ಜೋಡಿಗಳು. ಹೊಂದಾಣಿಕೆಗೆ 253 ಅವಕಾಶ ಇದ್ದಂತಾಯಿತು. ಜನ ಎರಡರಷ್ಟಾದರೆ ಜೋಡಿಗಳು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತವೆ. ಅದಕ್ಕೇ 50 ಜನರಿದ್ದರೆ ಸಾಧ್ಯತೆ ಶೇ 97ಕ್ಕೆ ಏರುತ್ತದೆ.

ಹಾಗಾದರೆ 253/365 ಎಂದು ಭಾಗಿಸಿದರೆ ಮುಗಿಯಿತಲ್ಲ ಎನಿಸಬಹುದು. ಅದು ಶೇ 69 ಕೊಡುತ್ತದೆ, ತಪ್ಪು. ಒಂದೇ ಗುಂಪಿನಲ್ಲಿ ಎರಡು ಜೋಡಿಗಳು ಹೊಂದಿದರೆ ಅದನ್ನು ಈ ಲೆಕ್ಕ ಎರಡು ಸಲ ಸೇರಿಸಿಕೊಂಡುಬಿಡುತ್ತದೆ. 28 ಜನರಿಗೆ ಜೋಡಿಗಳು 378, ಆಗ ಉತ್ತರ ಶೇ 103.6 ಎಂದು ಬರುತ್ತದೆ. ಸಾಧ್ಯತೆ ನೂರನ್ನು ದಾಟಿತೆಂದರೆ ದಾರಿ ತಪ್ಪಿದೆ ಎಂದೇ ಅರ್ಥ. ಐದು ಜನರ ಗುಂಪಿಗಾದರೆ ಈ ಅಡ್ಡದಾರಿ ಶೇ 2.74 ಹೇಳುತ್ತದೆ, ನಿಜ ಶೇ 2.71. ಗುಂಪು ತೀರಾ ಚಿಕ್ಕದಿದ್ದಾಗ ಎರಡು ಜೋಡಿ ಹೊಂದುವುದು ಅಪರೂಪ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮೊದಲಿಗೆ ನಮ್ಮ ಊಹೆ ತಪ್ಪಿದ್ದು ಇನ್ನೊಂದು ಕಾರಣಕ್ಕೆ. ಪ್ರಶ್ನೆ ಕೇಳಿದ ಕೂಡಲೇ ನಾವು ‘ನನ್ನ ಹುಟ್ಟುಹಬ್ಬದ ದಿನವೇ ಇಲ್ಲಿ ಯಾರಾದರೂ ಹುಟ್ಟಿದ್ದಾರಾ’ ಎಂದು ಯೋಚಿಸುತ್ತೇವೆ. ಅದು ಬೇರೆಯೇ ಪ್ರಶ್ನೆ. ಅಲ್ಲಿ ನಿಮ್ಮ ಜೋಡಿಗಳು 22 ಮಾತ್ರ. ಪೂರಕದ ದಾರಿಯಲ್ಲೇ ಹೋಗಿ 364/365ನ್ನು 22 ಸಲ ಗುಣಿಸಿ 1ರಿಂದ ಕಳೆಯಿರಿ. ಬರೀ ಶೇ 5.9 ಸಿಗುತ್ತದೆ. ನಿಮ್ಮದೇ ದಿನಕ್ಕೆ ಹೊಂದುವವರು ಸಿಗುವ ಸಾಧ್ಯತೆ ಅರ್ಧ ದಾಟಬೇಕಾದರೆ ನಿಮ್ಮ ಸುತ್ತ 253 ಜನ ಬೇಕು.

ಹುಟ್ಟುವುದೇನೂ ಎಲ್ಲ ದಿನಗಳಲ್ಲೂ ಸಮನಾಗಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಕೆಲವು ತಿಂಗಳುಗಳಲ್ಲಿ ಹೆಚ್ಚು ಮಕ್ಕಳು ಹುಟ್ಟುತ್ತಾರೆ. ಆದರೆ ಅದರಿಂದ ಸಾಧ್ಯತೆ ಕಡಿಮೆಯಾಗುವುದಿಲ್ಲ, ಏರುತ್ತದೆ. ವರ್ಷದ ಅರ್ಧ ದಿನಗಳಲ್ಲಿ ಯಾರೂ ಹುಟ್ಟುವುದೇ ಇಲ್ಲ ಎಂದು ಊಹಿಸಿ ನೋಡಿ. ಎಲ್ಲರೂ ಉಳಿದರ್ಧದಲ್ಲೇ ಸೇರಬೇಕಾಗುತ್ತದೆ, ಹೊಂದಾಣಿಕೆ ಇನ್ನೂ ಸುಲಭವಾಗುತ್ತದೆ. ಗುಂಪಿನಲ್ಲಿ ಅವಳಿಗಳಿದ್ದರೂ ಹಾಗೆಯೇ. ಹಾಗಾಗಿ ಶೇ 50.7 ಎಂಬುದು ಕನಿಷ್ಠ ಅಂದಾಜು.

ಪರೀಕ್ಷಿಸಬೇಕೆಂದಿದ್ದರೆ 2018ರ ಪುರುಷರ ಫುಟ್‌ಬಾಲ್ ವಿಶ್ವಕಪ್‌ನ ಆಟಗಾರರ ಪಟ್ಟಿ ತೆಗೆಯಿರಿ. 32 ತಂಡಗಳು, ಪ್ರತಿ ತಂಡದಲ್ಲಿ 23 ಜನ, ಎಲ್ಲರ ಜನ್ಮದಿನಾಂಕವೂ ಪಟ್ಟಿಯಲ್ಲಿದೆ. ನಮ್ಮ ಲೆಕ್ಕದ ಪ್ರಕಾರ ಸುಮಾರು 16 ತಂಡಗಳಲ್ಲಿ ಹೊಂದಾಣಿಕೆ ಸಿಗಬೇಕು. 13 ಅಥವಾ 19 ಬಂದರೂ ಗಾಬರಿ ಬೇಡ, ಅಷ್ಟು ಏರಿಳಿತ ಸಹಜ. ಎರಡೋ ಮೂರೋ ತಂಡಗಳಲ್ಲಿ ಮಾತ್ರ ಸಿಕ್ಕರೆ ಪಟ್ಟಿಯನ್ನು ಮತ್ತೊಮ್ಮೆ ಓದಿ, ಯಾವುದೋ ಜೋಡಿ ಕಣ್ಣು ತಪ್ಪಿಸಿಕೊಂಡಿರುತ್ತದೆ.